ಮೀಟರ್ ಮಿಣುಕಿದರೆ ಮೊದಲು ಅರ್ತ್ ಬೋಲ್ಟ್ ನೋಡಿ

ಸಿಲ್ಕ್‌ಬೋರ್ಡ್ ಕಡೆಯಿಂದ ಎಲೆಕ್ಟ್ರಾನಿಕ್ ಸಿಟಿಗೆ ಹೋಗುವ ಎಲಿವೇಟೆಡ್ ಎಕ್ಸ್‌ಪ್ರೆಸ್‌ವೇ ಸಂಚಾರಕ್ಕೆ ತೆರೆದದ್ದು 2010ರ ಜನವರಿಯಲ್ಲಿ. ಸುಮಾರು ಹತ್ತು ಕಿಲೋಮೀಟರ್ ಉದ್ದದ ಈ ರಸ್ತೆಯಲ್ಲಿ ಸಿಗ್ನಲ್ ಇಲ್ಲ, ಗುಂಡಿಯೂ ಕಡಿಮೆ. ಆದರೆ ಎರಡು ಸ್ಲ್ಯಾಬ್ ಕೂಡುವ ಕಡೆಯಲ್ಲೆಲ್ಲ ಒಂದು ಸೇರುಪಟ್ಟಿ ಇದೆ. ಅದರ ಮೇಲೆ ಚಕ್ರ ಹಾದಾಗ ‘ಟಪ್’ ಎಂಬ ಚಿಕ್ಕ ಹೊಡೆತ ಬಾಡಿಗೆ ತಗಲುತ್ತದೆ. ಕೆಲವು ಕಾರುಗಳಲ್ಲಿ ಆ ಹೊಡೆತಕ್ಕೆ ಸರಿಯಾಗಿ ಮೀಟರ್ ಬೋರ್ಡ್ ಒಮ್ಮೆ ಮಂಕಾಗಿ, ಎಬಿಎಸ್, ಸ್ಟೀರಿಂಗ್, ಬ್ಯಾಟರಿ ಮೂರೂ ದೀಪಗಳು ಒಟ್ಟಿಗೆ ಹೊತ್ತಿ, ಕಣ್ಣು ಮಿಟುಕಿಸುವುದರೊಳಗೆ ಆರಿಹೋಗುತ್ತವೆ. ಗ್ಯಾರೇಜಿಗೆ ಒಯ್ದು ನಿಲ್ಲಿಸಿದರೆ ಏನೂ ಇಲ್ಲ. ದೋಷ ಕಾಣಿಸಿಕೊಳ್ಳುವುದು ಗಾಡಿ ಅಲುಗಿದಾಗ ಮಾತ್ರ. ಗ್ಯಾರೇಜಿನಲ್ಲಿ ಗಾಡಿ ಅಲುಗುವುದಿಲ್ಲ.

ಮಳೆಗಾಲದಲ್ಲಿ ಇದೇ ಕಥೆ ಇನ್ನೊಂದು ರೂಪದಲ್ಲಿ ಬರುತ್ತದೆ. ಸಂಜೆ ಮಹದೇವಪುರದ ಹತ್ತಿರ ಮೊಣಕಾಲುದ್ದ ನೀರಿನಲ್ಲಿ ಬಂದ ಕಾರಿನಲ್ಲಿ ಎಬಿಎಸ್ ದೀಪ ಹೊತ್ತಿಕೊಂಡಿರುತ್ತದೆ. ಮರುದಿನ ಬಿಸಿಲಿಗೆ ನಿಂತ ಗಾಡಿಯಲ್ಲಿ ಅದರ ಸುಳಿವೇ ಇರುವುದಿಲ್ಲ. ಹೀಗೆ ಬಂದು ಹೋಗುವ ದೀಪವನ್ನು ನಂಬಿ ಸೆನ್ಸರ್, ಬ್ಯಾಟರಿ, ಕೆಲವೊಮ್ಮೆ ಇಡೀ ಮೀಟರ್ ಬೋರ್ಡನ್ನೇ ಬದಲಿಸಿದವರಿದ್ದಾರೆ. ಸಾವಿರಾರು ರೂಪಾಯಿ ಖರ್ಚಾದ ಮೇಲೂ ಮುಂದಿನ ಹಂಪ್‌ನಲ್ಲಿ ದೀಪ ಮತ್ತೆ ಮಿಣುಕುತ್ತದೆ. ಹಲವು ದೀಪಗಳು ಒಂದೇ ಕ್ಷಣದಲ್ಲಿ ಹೊತ್ತಿದವೆಂದರೆ ಹಲವು ಭಾಗಗಳು ಒಂದೇ ಕ್ಷಣದಲ್ಲಿ ಕೆಟ್ಟವು ಎಂದಲ್ಲ. ಅವೆಲ್ಲ ಹಂಚಿಕೊಂಡ ಯಾವುದೋ ಒಂದು ದಾರಿ ಕಡಿಯಿತು ಎಂದು ತಿಳಿಯಬೇಕು. ಆ ದಾರಿಯೇ ಅರ್ತ್.

ಕಾರಿನ ವೈರಿಂಗ್ ಮನೆಯ ವೈರಿಂಗಿನಂತಲ್ಲ. ಮನೆಯಲ್ಲಿ ಬಲ್ಬಿಗೆ ಹೋಗುವ ವೈರಿನ ಜೊತೆಗೆ ವಾಪಸು ಬರುವ ವೈರೂ ಇರುತ್ತದೆ. ಕಾರಿನಲ್ಲಿ ಬ್ಯಾಟರಿಯ ಪ್ಲಸ್‌ನಿಂದ ಹೊರಟ ಕರೆಂಟು ಫ್ಯೂಸು, ಸ್ವಿಚ್ಚು ದಾಟಿ ದೀಪಕ್ಕೋ ಮೋಟರಿಗೋ ಹೋಗುತ್ತದೆ, ಅಲ್ಲಿಂದ ಗಿಡ್ಡನೆಯ ಕಪ್ಪು ವೈರಿನ ಮೂಲಕ ಹತ್ತಿರದ ತಗಡಿಗೆ ಇಳಿದುಬಿಡುತ್ತದೆ. ಆಮೇಲೆ ಇಡೀ ಬಾಡಿಯೇ ವೈರು. ಬಾಡಿಯಿಂದ ಬ್ಯಾಟರಿಯ ಮೈನಸ್‌ಗೆ ಮರಳಲು ಒಂದು ದಪ್ಪ ಕೇಬಲ್ ಇರುತ್ತದೆ. ಹಲವು ಸಣ್ಣ ಕಾರುಗಳಲ್ಲಿ ಮೈನಸ್ ಟರ್ಮಿನಲ್‌ನಿಂದ ಎರಡು ಕೇಬಲ್ ಹೊರಡುತ್ತವೆ. ಒಂದು ಗೇರ್‌ಬಾಕ್ಸಿಗೆ, ಇನ್ನೊಂದು ಬ್ಯಾಟರಿ ಟ್ರೇ ಪಕ್ಕದ ಬಾಡಿ ತಗಡಿಗೆ. ಹೆಡ್‌ಲೈಟು, ಬ್ಲೋವರು, ಮೀಟರು, ಪವರ್ ಸ್ಟೀರಿಂಗು ಬಳಸಿದ ಕರೆಂಟೆಲ್ಲ ಈ ಎರಡನೆಯ ಕೇಬಲ್‌ನ ತುದಿಯಲ್ಲಿರುವ ಒಂದೇ ಬೋಲ್ಟ್ ಮೂಲಕ ಮರಳಬೇಕು.

ಆ ಬೋಲ್ಟನ್ನು ಬಿಚ್ಚಿ ಕೈಯಲ್ಲಿ ಹಿಡಿದು ನೋಡಿದರೆ ಎಷ್ಟೋ ಅರ್ಥವಾಗುತ್ತದೆ. ಕೇಬಲ್‌ನ ತುದಿಗೆ ತಾಮ್ರದ ಉಂಗುರವೊಂದನ್ನು ಒತ್ತಿ ಕೂರಿಸಿರುತ್ತಾರೆ. ಮೆಕ್ಯಾನಿಕ್‌ಗಳ ಬಾಯಲ್ಲಿ ಅದು ಥಿಂಬಲ್. ಹೊಸದರಲ್ಲಿ ಅದಕ್ಕೆ ಬೆಳ್ಳಗೆ ಹೊಳೆಯುವ ತವರದ ಲೇಪ ಇರುತ್ತದೆ, ಕೆಳಗಿನ ತಗಡೂ ಬಣ್ಣವಿಲ್ಲದೆ ಬರಿದಾಗಿರುತ್ತದೆ. ಏಳೆಂಟು ಮಳೆಗಾಲ ಕಳೆದ ಗಾಡಿಯಲ್ಲಿ ಉಂಗುರದ ಸುತ್ತ ಹಸಿರು ಕಿಲುಬು ಕಟ್ಟಿರುತ್ತದೆ, ತಗಡಿನ ಮೇಲೆ ಕೆಂಪು ತುಕ್ಕು ಹೊಪ್ಪಳೆಯಾಗಿ ಎದ್ದಿರುತ್ತದೆ. ಎರಡೂ ಕರೆಂಟನ್ನು ಸರಿಯಾಗಿ ಹರಿಯಗೊಡುವುದಿಲ್ಲ. ತುಕ್ಕಿನ ಪದರ ಪುಡಿಯಾಗುತ್ತ ಹೋದಂತೆ ಬೋಲ್ಟಿನ ಬಿಗಿಯೂ ಕರಗುತ್ತದೆ. ಬೆರಳಲ್ಲಿ ತಿರುಗಿಸಿದರೆ ಥಿಂಬಲ್ ಕೂದಲೆಳೆಯಷ್ಟು ಅಲುಗುತ್ತದೆ. ಎಕ್ಸ್‌ಪ್ರೆಸ್‌ವೇಯ ಸೇರುಪಟ್ಟಿಗೆ ಅಷ್ಟೇ ಸಾಕು.

ತುಕ್ಕೊಂದೇ ಕಾರಣವಲ್ಲ. ಮನುಷ್ಯರ ಕೈಕೆಲಸದಿಂದ ಹುಟ್ಟುವ ದೋಷ ಅದಕ್ಕಿಂತ ಕಡಿಮೆಯೇನಿಲ್ಲ. ಡಿಕ್ಕಿಯಾದ ಗಾಡಿಯನ್ನು ಟಿಂಕರಿಂಗ್ ಮಾಡಿ ಬಣ್ಣ ಹೊಡೆದವರು, ಅರ್ತ್ ಬೋಲ್ಟ್ ಕೂರುವ ಜಾಗಕ್ಕೂ ಬಣ್ಣ ಹೊಡೆದು ಅದರ ಮೇಲೇ ಥಿಂಬಲ್ ಬಿಗಿದಿರುತ್ತಾರೆ. ಆಗ ಕರೆಂಟು ಬೋಲ್ಟಿನ ಮರೆಯ ಸಾಲುಗಳ ಮೂಲಕ ಹೇಗೋ ತೂರಿಕೊಂಡು ಹೋಗುತ್ತಿರುತ್ತದೆ. ಐಟಿ ಕಂಪನಿಗಳಿಗೆ ಓಡುವ ಹಳದಿ ಬೋರ್ಡಿನ ಕ್ಯಾಬುಗಳದು ಬೇರೆ ಸಮಸ್ಯೆ. ಜಿಪಿಎಸ್, ಪ್ಯಾನಿಕ್ ಬಟನ್, ಡ್ಯಾಶ್ ಕ್ಯಾಮೆರಾ ಎಂದು ಒಂದೊಂದೇ ಸೇರಿಸುವಾಗ ಪ್ರತಿಯೊಬ್ಬರೂ ಸಿಕ್ಕ ಅರ್ತ್ ಬೋಲ್ಟನ್ನೇ ಸಡಿಲಿಸಿ ತಮ್ಮ ವೈರನ್ನು ಅದರ ಕೆಳಗೆ ಸಿಕ್ಕಿಸುತ್ತಾರೆ. ಮೂರು ಥಿಂಬಲ್‌ಗಾಗಿ ಮಾಡಿದ ಬೋಲ್ಟಿನ ಕೆಳಗೆ ಆರು ವೈರು ಸೇರಿದರೆ ಯಾವುದೂ ಭದ್ರವಾಗಿ ಕೂರುವುದಿಲ್ಲ.

ಏಳು ವರ್ಷ ಓಡಿದ ಪೆಟ್ರೋಲ್ ಹ್ಯಾಚ್‌ಬ್ಯಾಕೊಂದನ್ನು ಉದಾಹರಣೆಗೆ ಇಟ್ಟುಕೊಂಡು ಪರೀಕ್ಷೆಯ ಹಾದಿಯಲ್ಲಿ ನಡೆಯೋಣ. ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟೊಂದರ ಬೇಸ್‌ಮೆಂಟಿನಲ್ಲಿ ನಿಲ್ಲುವ ಗಾಡಿ. ತೊಂದರೆ ಎರಡು ಬಗೆಯದು. ಹಂಪ್ ಹಾರಿದಾಗ ಮೀಟರ್ ಮಿಣುಕುತ್ತದೆ. ಬೇಸ್‌ಮೆಂಟಿನ ಕಂಬಗಳ ನಡುವೆ ನಿಧಾನವಾಗಿ ಸ್ಟೀರಿಂಗ್ ತಿರುಗಿಸುವಾಗ ಹೆಡ್‌ಲೈಟ್ ಮಂಕಾಗುತ್ತದೆ. ಸೆಲ್ಫ್ ಮಾತ್ರ ಮೊದಲ ಹೊಡೆತಕ್ಕೇ ಸ್ಟಾರ್ಟ್. ಆದ್ದರಿಂದ “ಬ್ಯಾಟರಿ, ಅರ್ತ್ ಎಲ್ಲ ಸರಿ ಇದೆ” ಎಂದು ಇಬ್ಬರು ಮೆಕ್ಯಾನಿಕ್‌ಗಳು ಹೇಳಿಬಿಟ್ಟಿದ್ದಾರೆ ಎಂದುಕೊಳ್ಳೋಣ. ಅವರು ಎಡವಿದ್ದು ಅಲ್ಲೇ. ಸ್ಟಾರ್ಟರ್ ಮೋಟರಿನ ಕರೆಂಟು ಮರಳುವುದು ಗೇರ್‌ಬಾಕ್ಸಿನ ಕೇಬಲ್ ಮೂಲಕ. ಬಾಡಿ ಕೇಬಲ್ ಸಡಿಲವಾಗಿದ್ದರೂ ಸೆಲ್ಫ್ ಚೆನ್ನಾಗಿಯೇ ಹೊಡೆಯುತ್ತದೆ.

ಮೊದಲ ಹೆಜ್ಜೆ, ದೋಷ ಮೂಲದಲ್ಲಿದೆಯೋ ದಾರಿಯಲ್ಲಿದೆಯೋ ಎಂದು ಬೇರ್ಪಡಿಸುವುದು. ಎಂಜಿನ್ ಓಡುವಾಗ ಬ್ಯಾಟರಿಯ ಎರಡೂ ಟರ್ಮಿನಲ್‌ಗೆ ಮಲ್ಟಿಮೀಟರ್ ಹಿಡಿದರೆ 14.1 ವೋಲ್ಟ್ ಸ್ಥಿರವಾಗಿ ನಿಂತಿದೆ. ಒಳಗೆ ಡ್ಯಾಶ್‌ಬೋರ್ಡಿನ 12 ವೋಲ್ಟ್ ಸಾಕೆಟ್ಟಿಗೆ ಚುಚ್ಚಿದ, ವೋಲ್ಟೇಜ್ ತೋರಿಸುವ ಅಗ್ಗದ ಚಾರ್ಜರಿನಲ್ಲಿ 13.4 ಇದೆ. ಬಾನೆಟ್ ಅಂಚನ್ನು ಜೋರಾಗಿ ಒತ್ತಿ ಗಾಡಿ ಅಲುಗಿಸಿದರೆ ಅದು 11ಕ್ಕೆ ಕುಸಿದು ಮತ್ತೆ ಏರುತ್ತದೆ. ಬ್ಯಾಟರಿಯಲ್ಲಿ ಅಲುಗದ ಅಂಕಿ ಒಳಗೆ ಅಲುಗುತ್ತಿದೆ ಎಂದರೆ ಬ್ಯಾಟರಿಯೂ ಆಲ್ಟರ್ನೇಟರೂ ನಿರಪರಾಧಿಗಳು, ದೋಷ ನಡುವಿನ ದಾರಿಯದು. ಬ್ಯಾಟರಿ ಟರ್ಮಿನಲ್‌ನಲ್ಲೇ ಅಂಕಿ ಏರಿಳಿದಿದ್ದರೆ ಆಲ್ಟರ್ನೇಟರಿನ ರೆಗ್ಯುಲೇಟರನ್ನೋ ಅದರ ಬೆಲ್ಟನ್ನೋ ಶಂಕಿಸಬೇಕಿತ್ತು.

ಎರಡನೆಯ ಹೆಜ್ಜೆಯನ್ನು ತಪ್ಪಾಗಿ ಮಾಡುವವರೇ ಹೆಚ್ಚು. ಬ್ಯಾಟರಿ ಮೈನಸ್‌ಗೂ ಬಾಡಿಗೂ ನಡುವೆ ಓಮ್ ಅಳೆದು “ಸೊನ್ನೆ ಬಂತು, ಅರ್ತ್ ಸರಿ” ಎನ್ನುತ್ತಾರೆ. ಮಲ್ಟಿಮೀಟರ್ ಓಮ್ ಅಳೆಯುವಾಗ ಹರಿಸುವುದು ಮಿಲಿ ಆಂಪಿಯರ್‌ಗಳ ಲೆಕ್ಕದ ಕರೆಂಟು. ನೂರು ಎಳೆಗಳ ಕೇಬಲ್‌ನಲ್ಲಿ ಒಂದೇ ಎಳೆ ಉಳಿದಿದ್ದರೂ ಅಷ್ಟು ಕರೆಂಟು ಸಲೀಸಾಗಿ ಹೋಗುತ್ತದೆ. ಕೆಲಸದ ಹೊತ್ತಿನ ಮೂವತ್ತು ಆಂಪಿಯರ್ ಹೋಗುವುದಿಲ್ಲ. ಆದ್ದರಿಂದ ಹೊರೆ ಹೊರಿಸಿಯೇ ಅಳೆಯಬೇಕು. ಎಂಜಿನ್ ಓಡುತ್ತಿರಲಿ. ಹೆಡ್‌ಲೈಟ್, ಬ್ಲೋವರ್ ಪೂರ್ತಿ, ಹಿಂದಿನ ಗಾಜಿನ ಡಿಫಾಗರ್ ಮೂರನ್ನೂ ಹಾಕಿ. ಮಲ್ಟಿಮೀಟರನ್ನು ಡಿಸಿ ವೋಲ್ಟ್‌ಗೆ ತಿರುಗಿಸಿ, ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ ಸೀಸದ ಕಂಬದ ಮೇಲೂ ಇನ್ನೊಂದನ್ನು ಬಾಡಿಯ ಬಣ್ಣವಿಲ್ಲದ ಬೋಲ್ಟೊಂದರ ಮೇಲೂ ಇಡಿ. ಆರೋಗ್ಯವಂತ ಗಾಡಿಯಲ್ಲಿ 0.1 ವೋಲ್ಟ್‌ಗಿಂತ ಕಡಿಮೆ ಬರಬೇಕು. ನಮ್ಮ ಹ್ಯಾಚ್‌ಬ್ಯಾಕಿನಲ್ಲಿ 0.6 ಬಂತು ಎನ್ನೋಣ.

ಮೂವತ್ತು ಆಂಪಿಯರ್‌ಗೆ 0.6 ವೋಲ್ಟ್ ಎಂದರೆ ಆ ಕೇಬಲ್‌ನಲ್ಲಿ 0.02 ಓಮ್ ತಡೆ. ನೋಡಲು ಏನೂ ಅಲ್ಲದ ಸಂಖ್ಯೆ. ಆದರೆ ನಿಂತಲ್ಲೇ ಸ್ಟೀರಿಂಗ್ ತಿರುಗಿಸುವಾಗ ಎಲೆಕ್ಟ್ರಿಕ್ ಪವರ್ ಸ್ಟೀರಿಂಗ್ ಇನ್ನೂ ನಲವತ್ತು ಆಂಪಿಯರ್ ಎಳೆಯುತ್ತದೆ. ಒಟ್ಟು ಎಪ್ಪತ್ತಾದಾಗ ಕುಸಿತ 1.4 ವೋಲ್ಟ್‌ಗೆ ಏರುತ್ತದೆ, ಹೆಡ್‌ಲೈಟ್ ಮಂಕಾಗುತ್ತದೆ. ಬೇಸ್‌ಮೆಂಟಿನ ಲಕ್ಷಣಕ್ಕೆ ಇದೇ ವಿವರಣೆ. ಹಂಪ್ ಮೇಲೆ ಥಿಂಬಲ್ ಅರೆಕ್ಷಣ ಎದ್ದರೆ ತಡೆ ಹತ್ತಾರು ಪಟ್ಟು ಹೆಚ್ಚಿ, ಎಬಿಎಸ್ ಮತ್ತು ಸ್ಟೀರಿಂಗಿನ ಕಂಪ್ಯೂಟರ್‌ಗಳಿಗೆ ಬೇಕಾದಷ್ಟು ವೋಲ್ಟೇಜ್ ಸಿಗುವುದಿಲ್ಲ. ಅವು ದೀಪ ಹೊತ್ತಿಸಿ, `P0562`ನಂಥ ಕಡಿಮೆ ವೋಲ್ಟೇಜಿನ ಕೋಡನ್ನೋ `U` ಅಕ್ಷರದಿಂದ ಶುರುವಾಗುವ ಸಂಪರ್ಕ ತಪ್ಪಿದ ಕೋಡನ್ನೋ ಬರೆದಿಟ್ಟುಕೊಳ್ಳುತ್ತವೆ. ಸ್ಕ್ಯಾನರಿನಲ್ಲಿ ನಾಲ್ಕಾರು ಕಂಪ್ಯೂಟರ್‌ಗಳು ಒಂದೇ ಹೊತ್ತಿಗೆ ಇಂಥ ಕೋಡ್ ಬರೆದಿದ್ದರೆ, ಯಾವ ಭಾಗವನ್ನೂ ತರಿಸುವ ಮೊದಲು ಅರ್ತ್ ನೋಡುವುದು ನ್ಯಾಯ.

ಒಂದು ಕಡ್ಡಿಯನ್ನು ಸೀಸದ ಕಂಬದ ಮೇಲೇ ಬಿಟ್ಟು ಇನ್ನೊಂದನ್ನು ಸ್ವಲ್ಪ ಸ್ವಲ್ಪವೇ ಮುಂದಕ್ಕೆ ಸರಿಸಿದರೆ ದೋಷದ ಜಾಗ ತಾನಾಗಿ ಗೊತ್ತಾಗುತ್ತದೆ. ಟರ್ಮಿನಲ್ ಹಿಡಿಕೆಯ ಮೇಲೆ 0.01, ಥಿಂಬಲ್ ಮೇಲೆ 0.04, ಅದರ ಕೆಳಗಿನ ತಗಡಿನ ಮೇಲೆ 0.6. ಥಿಂಬಲ್‌ಗೂ ತಗಡಿಗೂ ನಡುವಿನ ಕಾಗದದಷ್ಟು ಜಾಗದಲ್ಲೇ ಅರ್ಧ ವೋಲ್ಟ್‌ಗಿಂತ ಹೆಚ್ಚು ಕಳೆದುಹೋಗುತ್ತಿತ್ತು.

ರಿಪೇರಿಗೆ ಬೇಕಾದ್ದು ಒಂದು ಸ್ಪ್ಯಾನರ್, ಒಂದು ತುಂಡು ಉಪ್ಪುಕಾಗದ. ಎಂಜಿನ್ ಆರಿಸಿ, ಕೀ ತೆಗೆದು ಕೆಲವು ನಿಮಿಷ ಬಿಟ್ಟು ಮೈನಸ್ ಟರ್ಮಿನಲ್ ಬಿಚ್ಚಬೇಕು. ಅರ್ತ್ ಬೋಲ್ಟ್ ತೆಗೆದು ಥಿಂಬಲ್‌ನ ಎರಡೂ ಮುಖ ಹಾಗೂ ತಗಡು ಬೆಳ್ಳಗಾಗುವವರೆಗೆ ಉಜ್ಜಬೇಕು. ಥಿಂಬಲ್‌ನ ಕತ್ತಿನ ಬಳಿ ವೈರಿನ ಹೊದಿಕೆಯನ್ನು ಸ್ವಲ್ಪ ಹಿಂದೆ ಸರಿಸಿ ನೋಡುವುದು ಮುಖ್ಯ. ಒಳಗಿನ ತಾಮ್ರದ ಎಳೆಗಳು ಕಪ್ಪಾಗಿದ್ದರೆ ಉಜ್ಜಿದ್ದು ವ್ಯರ್ಥ. ಕೆಂಪು ತಾಮ್ರ ಸಿಗುವವರೆಗೆ ಕತ್ತರಿಸಿ ಹೊಸ ಥಿಂಬಲ್ ಒತ್ತಿಸಬೇಕು, ಇಲ್ಲವೇ ಕೇಬಲ್ಲನ್ನೇ ಬದಲಿಸಬೇಕು. ಹಲ್ಲಿರುವ ವಾಷರ್ ಹಾಕಿ ಬಿಗಿದ ಮೇಲಷ್ಟೇ ಹೊರಗಿನಿಂದ ವ್ಯಾಸಲೀನನ್ನೋ ಗ್ರೀಸನ್ನೋ ಸವರಬೇಕು, ನೀರು ಒಳಗಿಳಿಯದಂತೆ. ಮತ್ತೆ ಅದೇ ಹೊರೆ ಹಾಕಿ ಅಳೆದರೆ 0.1 ವೋಲ್ಟ್‌ಗಿಂತ ಕಡಿಮೆ ಬರಬೇಕು. ಅಳೆಯದೆ “ಆಯ್ತು ಸಾರ್” ಎಂದರೆ ಕೆಲಸ ಮುಗಿದಂತಲ್ಲ.

ಪೀಣ್ಯದ ರಸ್ತೆಗಳಲ್ಲಿ ಇದೇ ದೋಷ ಕಣ್ಣಿಗೆ ಕಾಣುವಂತೆ ಓಡಾಡುತ್ತದೆ. ಸರಕು ಹೇರಿಕೊಂಡ ಚಿಕ್ಕ ಗೂಡ್ಸ್ ಗಾಡಿಯ ಹಿಂದೆ ನಿಂತವರು ಗಮನಿಸಿರಬಹುದು. ಚಾಲಕ ಬ್ರೇಕ್ ತುಳಿದರೆ ಬ್ರೇಕ್ ಲೈಟು ಮಂಕಾಗಿ ಹೊತ್ತುತ್ತದೆ, ಜೊತೆಗೆ ಇಂಡಿಕೇಟರೂ ಮಸುಕಾಗಿ ಬೆಳಗುತ್ತದೆ. ಹಿಂದಿನ ದೀಪದ ಡಬ್ಬಿಯಲ್ಲಿ ಬ್ರೇಕು, ಇಂಡಿಕೇಟರು, ಪಾರ್ಕಿಂಗ್ ಮೂರಕ್ಕೂ ಒಂದೇ ಅರ್ತ್. ಅದು ತುಕ್ಕು ಹಿಡಿದು ಕಡಿದಾಗ ಬ್ರೇಕ್ ಬಲ್ಬ್ ದಾಟಿದ ಕರೆಂಟಿಗೆ ತಗಡಿಗಿಳಿಯಲು ಜಾಗವಿಲ್ಲ. ಆಗ ಅದು ಇಂಡಿಕೇಟರ್ ಬಲ್ಬಿನ ತಂತಿಯೊಳಗೆ ಹಿಮ್ಮುಖವಾಗಿ ನುಗ್ಗಿ, ಅದೇ ವೈರು ಹಿಡಿದು ಮುಂದಿನ ಇಂಡಿಕೇಟರಿಗೆ ಹೋಗಿ, ಅಲ್ಲಿನ ಒಳ್ಳೆಯ ಅರ್ತ್‌ಗೆ ಇಳಿಯುತ್ತದೆ. ಮೀಟರಿನಲ್ಲಿ ಬಾಣದ ಗುರುತು ಕೂಡ ಸಣ್ಣಗೆ ಬೆಳಗಬಹುದು. ಇಂಡಿಕೇಟರ್ ಹಾಕದೆಯೇ ಬ್ರೇಕಿಗೆ ಬಾಣ ಬೆಳಗಿದರೆ ಬಲ್ಬ್ ಬದಲಿಸುವುದು ದಂಡ. ದಪ್ಪ ವೈರಿನ ತುಂಡೊಂದನ್ನು ಆ ಡಬ್ಬಿಯ ಅರ್ತ್ ಪಿನ್ನಿನಿಂದ ಚಾಸಿಗೆ ಮುಟ್ಟಿಸಿ ನೋಡಿದರೆ ಅರ್ಧ ನಿಮಿಷದಲ್ಲಿ ಉತ್ತರ ಸಿಗುತ್ತದೆ. ಎಲ್‌ಇಡಿ ದೀಪಗಳಲ್ಲಿ ಕರೆಂಟು ಹಿಮ್ಮುಖ ಹರಿಯದ ಕಾರಣ ಈ ಸುಳಿವು ಸಿಗುವುದಿಲ್ಲ, ದೀಪ ಸುಮ್ಮನೆ ಹೊತ್ತುವುದಿಲ್ಲ. ಹಿಂದೆ ಬರುವ ಸ್ಕೂಟರಿನವರಿಗೆ ಅದು ಜೀವದ ಪ್ರಶ್ನೆ.

ಇನ್ನು ನೀರಿನ ವಿಷಯ.

ವೈರುಗಳ ಜೋಡಣೆಯಾಗುವ ಪ್ಲಾಸ್ಟಿಕ್ ಗೂಡನ್ನು ಗ್ಯಾರೇಜಿನಲ್ಲಿ ಕಪ್ಲರ್ ಎನ್ನುತ್ತಾರೆ. ಎಂಜಿನ್ ಬದಿಯ, ಚಕ್ರದ ಬದಿಯ ಕಪ್ಲರ್‌ಗಳಿಗೆ ರಬ್ಬರ್ ಸೀಲ್ ಇರುತ್ತದೆ. ಆದರೂ ನೀರು ಒಳಗೆ ಹೋಗುವುದು ಹೇಗೆ? ಒಂದು ಗಂಟೆ ಟ್ರಾಫಿಕ್ಕಿನಲ್ಲಿ ಕಾದ ಎಂಜಿನ್ ಬದಿಯ ಕಪ್ಲರ್‌ನೊಳಗಿನ ಗಾಳಿ ಬಿಸಿಯಾಗಿ ಹಿಗ್ಗಿರುತ್ತದೆ. ಅಂಡರ್‌ಪಾಸಿನ ತಣ್ಣನೆ ನೀರು ಎರಚಿದೊಡನೆ ಅದು ಕುಗ್ಗಿ, ಹಳೆಯ ಸೀಲಿನ ಸಂದಿಯಿಂದ ನೀರನ್ನು ಒಳಕ್ಕೆಳೆದುಕೊಳ್ಳುತ್ತದೆ. ಇನ್ನೊಂದು ದಾರಿ ವೈರಿನದೇ. ಎಲ್ಲೋ ಸುಲಿದ ಜಾಗದಿಂದ ಹೊಕ್ಕ ನೀರು, ದೀಪದ ಬತ್ತಿ ಎಣ್ಣೆ ಹೀರುವಂತೆ, ತಾಮ್ರದ ಎಳೆಗಳ ನಡುವೆ ಅಡಿಗಟ್ಟಲೆ ಹರಿದು ಕಪ್ಲರ್ ತಲುಪುತ್ತದೆ. ಟೆಸ್ಟ್ ಲ್ಯಾಂಪಿನ ಮೊನೆಯಿಂದ ವೈರಿನ ಹೊದಿಕೆ ಚುಚ್ಚಿ ಪರೀಕ್ಷಿಸುವ ಅಭ್ಯಾಸ ಕೆಟ್ಟದ್ದು ಎನ್ನುವುದು ಇದಕ್ಕೇ. ಆ ತೂತು ಮುಂದಿನ ಮಳೆಗಾಲದ ಬಾಗಿಲು.

ಬೆಂಗಳೂರಿನಲ್ಲಿ ನೀರಿಗೆ ಇನ್ನೂ ಒಂದು ದಾರಿಯಿದೆ. ಬೇಸಿಗೆಯ ಹೊತ್ತಿಗೆ ಹೊಂಗೆ, ಮಳೆಮರಗಳು ಉದುರಿಸುವ ಎಲೆ, ಹೂವು ಮುಂದಿನ ಗಾಜಿನ ಕೆಳಗಿನ ಜಾಲರಿಯೊಳಗೆ ಬೀಳುತ್ತವೆ. ಅಲ್ಲಿ ಮಳೆನೀರು ಹೊರಹೋಗಲು ಎರಡೂ ಬದಿಗೆ ರಂಧ್ರಗಳಿವೆ. ಮರದ ಕೆಳಗೆ ನಿಲ್ಲುವ ಗಾಡಿಯಲ್ಲಿ ಎಲೆಯ ಕೆಸರು ಅವನ್ನು ಮುಚ್ಚಿಬಿಡುತ್ತದೆ. ಏಪ್ರಿಲ್–ಮೇ ತಿಂಗಳ ಗುಡುಗುಮಳೆಗೆ ಆ ಕಾಲುವೆ ತುಂಬಿ, ನೀರು ವೈರುಗಳ ರಬ್ಬರ್ ಬಿರಡೆಯ ಪಕ್ಕದಿಂದ ಒಳಗಿಳಿದು, ಕಾಲಿಡುವ ಜಾಗದ ಪಕ್ಕದ ಕಪ್ಲರ್‌ಗಳ ಮೇಲೆ, ಅಲ್ಲೇ ಇರುವ ಅರ್ತ್ ಬೋಲ್ಟಿನ ಮೇಲೆ ತೊಟ್ಟಿಕ್ಕುತ್ತದೆ. ಕಾರ್ಪೆಟ್ ಕೆಳಗಿನ ಫೋಮ್ ಒದ್ದೆಯಿದ್ದು ಮೇಲೆ ಒಣಗಿರುವುದರಿಂದ ಮಾಲೀಕರಿಗೆ ತಿಳಿಯುವುದಿಲ್ಲ. ಮುಚ್ಚಿದ ಗಾಡಿಯಲ್ಲಿ ಮುಗ್ಗಲು ವಾಸನೆ ಬಂದರೆ ಅಂಗೈಯಿಂದ ಕಾರ್ಪೆಟ್ ಒತ್ತಿ ನೋಡಬೇಕು.

ಎಬಿಎಸ್ ದೀಪ ಮಳೆಗೆ ಇಷ್ಟು ಬೇಗ ಹೆದರುವುದೇಕೆ ಎಂಬುದಕ್ಕೆ ಲೆಕ್ಕವೇ ಉತ್ತರ. 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆಲ್ಲ ಎಬಿಎಸ್ ಕಡ್ಡಾಯ. ಈಗಿನ ಕಾರುಗಳ ಚಕ್ರದ ಸೆನ್ಸರ್ ಎರಡೇ ವೈರಿನಲ್ಲಿ ಕೆಲಸ ಮಾಡುತ್ತದೆ. ಚಕ್ರ ತಿರುಗಿದಂತೆ ಅದು 7 ಮಿಲಿ ಆಂಪಿಯರ್, 14 ಮಿಲಿ ಆಂಪಿಯರ್ ಎಂದು ಕರೆಂಟನ್ನು ಬದಲಿಸುತ್ತಿರುತ್ತದೆ, ಕಂಪ್ಯೂಟರ್ ಆ ಬದಲಾವಣೆಗಳನ್ನು ಎಣಿಸುತ್ತದೆ. ಚೊಕ್ಕ ಮಳೆನೀರು ಕರೆಂಟನ್ನು ಅಷ್ಟಾಗಿ ಹರಿಸದು. ಆದರೆ ರಾಜಕಾಲುವೆ ಉಕ್ಕಿ ಬಂದ, ಲವಣ ತುಂಬಿದ ನೀರು ಹಾಗಲ್ಲ. ಕಪ್ಲರ್‌ನ ಎರಡು ಪಿನ್ನುಗಳ ನಡುವೆ ಆ ನೀರು 2,000 ಓಮ್‌ನ ಸೇತುವೆ ಕಟ್ಟಿದರೆ, 12 ವೋಲ್ಟ್‌ಗೆ 6 ಮಿಲಿ ಆಂಪಿಯರ್ ಸೋರುತ್ತದೆ. ಏಳು ಹದಿಮೂರಾಗುತ್ತದೆ. ಚಕ್ರ ತಿರುಗುತ್ತಿದೆಯೋ ಇಲ್ಲವೋ ಕಂಪ್ಯೂಟರಿಗೆ ತಿಳಿಯದಾಗಿ, ಅದು ಎಬಿಎಸ್ಸನ್ನು ನಿಲ್ಲಿಸಿ ದೀಪ ಹೊತ್ತಿಸುತ್ತದೆ. ಬ್ರೇಕ್ ಹಿಡಿಯುತ್ತದೆ, ಆದರೆ ಜಾರುವ ರಸ್ತೆಯಲ್ಲಿ ಚಕ್ರ ಕಟ್ಟಿಕೊಳ್ಳದಂತೆ ಕಾಯುವವರಿಲ್ಲ. ನೀರು ಆರಿದ ಮೇಲೆ ಎಲ್ಲ ಸರಿ. ಸ್ಕ್ಯಾನರಿನಲ್ಲಿ ಉಳಿದ ಹಳೆಯ ಕೋಡೊಂದೇ ಸಾಕ್ಷಿ. ಅದನ್ನು ಅಳಿಸುವ ಮುನ್ನ ಯಾವ ಚಕ್ರದ್ದೆಂದು ಬರೆದಿಟ್ಟುಕೊಳ್ಳಬೇಕು. ಉದಾಹರಣೆಗೆ `C0035` ಎಡ ಮುಂಚಕ್ರದ್ದು.

ಬಿಚ್ಚಿ ಮತ್ತೆ ಕೂರಿಸಿದೊಡನೆ ಸರಿಹೋಗಿ, ತಿಂಗಳ ನಂತರ ಮರಳಿ ಬರುವ ದೋಷವೂ ಉಂಟು. ಕಪ್ಲರ್‌ನ ಪಿನ್ನುಗಳ ಮೇಲಿನ ತವರದ ಲೇಪ ರಸ್ತೆಯ ನಡುಕಕ್ಕೆ ಕಣ್ಣಿಗೆ ಕಾಣದಷ್ಟು ಉಜ್ಜಿಕೊಂಡು ಕಪ್ಪು ಪುಡಿಯಾಗುತ್ತದೆ. ಆ ಪುಡಿ ಕರೆಂಟನ್ನು ತಡೆಯುತ್ತದೆ. ಬಿಚ್ಚಿ ಹಾಕುವುದೆಂದರೆ ಅದನ್ನು ಒಮ್ಮೆ ಒರೆಸಿದಂತೆ, ಅಷ್ಟೇ. ಪಿನ್ನಿನ ಹಿಡಿತ ಸಡಿಲಾಗಿದ್ದರೆ ಪಿನ್ ಬದಲಿಸಬೇಕು. ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ, ಒಣಗಿಸಿ, ಸೀಲಿಗೆ ಸಿಲಿಕೋನ್ ಗ್ರೀಸ್ ಸವರಿ ಕೂರಿಸುವುದು ಸರಿಯಾದ ಕ್ರಮ. ಕಪ್ಲರ್ ಸುತ್ತ ಇನ್ಸುಲೇಷನ್ ಟೇಪ್ ಸುತ್ತಿದರೆ ಹೊಕ್ಕ ನೀರು ಆರುವ ದಾರಿಯೂ ಮುಚ್ಚುತ್ತದೆ. ವಿನೆಗರ್ ವಾಸನೆಯ ಸಿಲಿಕೋನ್ ಸೀಲೆಂಟ್ ತಾಮ್ರವನ್ನು ತಿನ್ನುತ್ತದೆ. ವಾಟರ್ ಸರ್ವಿಸಿನವರು ಬಾನೆಟ್ ಒಳಗೆ ಪ್ರೆಷರ್ ಪೈಪ್ ಹಿಡಿಯದಂತೆ ಹೇಳುವುದೂ ಗಾಡಿಯವರ ಕೆಲಸ. ಸ್ಕೂಟರು, ಬೈಕುಗಳಲ್ಲಿ ಹ್ಯಾಂಡಲ್ ಹಿಂದಿನ ಕಪ್ಲರ್ ಗೊಂಚಲಿಗೆ ನೀರು ಹೋಗುವುದು ಹೆಚ್ಚಾಗಿ ಮಳೆಯಿಂದಲ್ಲ, ಈ ಪೈಪಿನಿಂದ.

2022ರ ಸೆಪ್ಟೆಂಬರ್ 4ರ ರಾತ್ರಿಯ ಮಳೆಗೆ ಸರ್ಜಾಪುರ ರಸ್ತೆಯ ರೇನ್‌ಬೋ ಡ್ರೈವ್, ಯಮಲೂರು, ಹೊರವರ್ತುಲ ರಸ್ತೆಯ ಆಸುಪಾಸು ಮುಳುಗಿ, ಐಟಿ ನೌಕರರು ಟ್ರ್ಯಾಕ್ಟರ್ ಏರಿ ಕಚೇರಿಗೆ ಹೋದದ್ದು ದೇಶವೆಲ್ಲ ನೋಡಿದ ದೃಶ್ಯ. ಅಂಥ ನೀರಿನಲ್ಲಿ ಸೀಟಿನ ಮಟ್ಟದವರೆಗೆ ನಿಂತ ಗಾಡಿಯ ತೊಂದರೆ ಬೇರೆಯದೇ ದರ್ಜೆಯದು. ಕೀ ತೆಗೆದಿದ್ದರೂ ಕೆಲವು ಪಿನ್ನುಗಳಲ್ಲಿ ಸದಾ 12 ವೋಲ್ಟ್ ಇರುತ್ತದೆ. ಪಕ್ಕದಲ್ಲೇ ಅರ್ತ್ ಪಿನ್, ನಡುವೆ ಕೊಳಕು ನೀರು. ಲೋಹಕ್ಕೆ ಲೇಪ ಹಾಕುವ ತೊಟ್ಟಿಯಲ್ಲಿ ನಡೆಯುವ ಕ್ರಿಯೆಯೇ ಇಲ್ಲೂ ನಡೆದು, ಪ್ಲಸ್ ಪಿನ್ನಿನ ತಾಮ್ರ ಕರಗುತ್ತ ಹೋಗುತ್ತದೆ. ಒಂದೆರಡು ದಿನದಲ್ಲೇ ಪಿನ್ ಕಡ್ಡಿಯಂತೆ ಸವೆಯಬಹುದು. ಗಾಡಿ ತೊಳೆದು ಒಣಗಿಸಿದ ಮೇಲೆ ಸ್ಟಾರ್ಟ್ ಆಗುತ್ತದೆ, ಕೆಲವು ವಾರ ಓಡುತ್ತದೆ, ಆಮೇಲೆ ಹಂಪ್‌ಗಳಲ್ಲಿ ಒಂದೊಂದೇ ದೀಪ ಮಿಣುಕಲು ಶುರು. ಆದ್ದರಿಂದ ನೀರು ಹೊಕ್ಕ ಗಾಡಿಯಲ್ಲಿ ಕೀ ತಿರುಗಿಸದೆ, ಕೈಗೆಟುಕಿದರೆ ಮೈನಸ್ ಟರ್ಮಿನಲ್ ಬಿಚ್ಚುವುದು ಮೊದಲ ಕೆಲಸ. ನೀರಿಳಿಯುವವರೆಗೆ ಕಾಯುವ ಪ್ರತಿ ಗಂಟೆಯೂ ಪಿನ್ನುಗಳನ್ನು ತಿನ್ನುತ್ತಿರುತ್ತದೆ.

ಸೀಟಿನ ಕೆಳಗಿನ ಹಳದಿ ಕಪ್ಲರ್‌ಗಳಿಗೆ ಮಾತ್ರ ಮಲ್ಟಿಮೀಟರ್ ಕಡ್ಡಿ ತಾಗಿಸಬಾರದು. ಅವು ಏರ್‌ಬ್ಯಾಗ್ ಮತ್ತು ಸೀಟ್‌ಬೆಲ್ಟ್ ಬಿಗಿಯುವ ಸಾಧನದವು, ಮೀಟರಿನ ಚಿಕ್ಕ ಕರೆಂಟಿಗೂ ಸಿಡಿಯುವ ಅಪಾಯ ಉಂಟು. ಸೀಟು ಹಿಂದೆ ಮುಂದೆ ಸರಿಸಿದಾಗ ಏರ್‌ಬ್ಯಾಗ್ ದೀಪ ಹೊತ್ತಿದರೆ ತಿಳಿದವರ ಕೈಗೇ ಕೊಡಬೇಕು. ಎಲೆಕ್ಟ್ರಿಕ್ ಕಾರುಗಳ ಕಿತ್ತಳೆ ಬಣ್ಣದ ಕೇಬಲ್‌ಗಳಿಗೂ ಇದೇ ಮಾತು.

ಮಳೆಯಲ್ಲಷ್ಟೇ ಬರುವ ದೋಷವನ್ನು ಬಿಸಿಲಿನ ದಿನ ಹಿಡಿಯಲು ಪೀಣ್ಯದಲ್ಲೂ ವೈಟ್‌ಫೀಲ್ಡಿನಲ್ಲೂ ನಡೆಯುವ ಉಪಾಯ ಒಂದೇ. ಗಿಡಗಳಿಗೆ ಸಿಂಪಡಿಸುವ ಬಾಟಲಿಯಲ್ಲಿ ಒಂದು ಚಿಟಿಕೆ ಉಪ್ಪು ಬೆರೆಸಿದ ನೀರು ತುಂಬಿ, ಸ್ಕ್ಯಾನರಿನಲ್ಲಿ ನಾಲ್ಕೂ ಚಕ್ರಗಳ ವೇಗ ತೆರೆದಿಟ್ಟು, ಶಂಕೆಯ ಚಕ್ರದ ಕಪ್ಲರ್ ಮೇಲೆ ಮಾತ್ರ ಸಿಂಪಡಿಸಿ, ಒಬ್ಬರು ನಿಧಾನವಾಗಿ ಗಾಡಿ ಓಡಿಸಬೇಕು, ಪಕ್ಕದವರು ಪರದೆ ನೋಡಬೇಕು. ಮೂರು ಚಕ್ರ 20 ಎಂದು ತೋರಿಸುತ್ತಿರುವಾಗ ಒಂದು ಮಾತ್ರ 20, 0, 20, 0 ಎಂದು ಜಿಗಿದರೆ, ಹುಡುಕಾಟ ಆ ಕಪ್ಲರ್‌ನಲ್ಲಿ ನಿಂತಿತು. ನೋಡಿದ ಮೇಲೆ ಅದನ್ನು ಸಾದಾ ನೀರಿನಲ್ಲಿ ತೊಳೆದು ಒಣಗಿಸುವುದನ್ನು ಮರೆಯಬಾರದು.